ತೀರ್ಪುಗಾರರ ಹಾಳೆ, ನಿಮ್ಮ ಐದು ನಿಮಿಷ

(ಮಾಟುಂಗಾದಲ್ಲಿ ಒಂದು ಭಾನುವಾರ ಸಂಜೆ, ಮುಂಬಯಿಯ ಕನ್ನಡದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ.)

ಹ್ಯಾಕಥಾನ್‌ನ ಫೈನಲ್ ರೌಂಡಿನಲ್ಲಿ ತೀರ್ಪುಗಾರರ ಮುಂದೆ ಒಂದು ಹಾಳೆ ಇರುತ್ತದೆ. ಈಗೀಗ ಹೆಚ್ಚಾಗಿ ಗೂಗಲ್ ಫಾರ್ಮ್. ಅದರಲ್ಲಿ ನಾಲ್ಕೈದು ಸಾಲು, ಪ್ರತಿ ಸಾಲಿಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ನೀವು ಮಾತಾಡುತ್ತಿರುವಾಗಲೇ ಅವರು ಅದನ್ನು ತುಂಬುತ್ತಾರೆ. ಆಮೇಲೆ ಕೂತು ಯೋಚಿಸಲು ಅವರಿಗೆ ಪುರುಸೊತ್ತು ಇರುವುದಿಲ್ಲ, ಯಾಕಂದರೆ ಮುಂದಿನ ತಂಡ ಆಗಲೇ ಲ್ಯಾಪ್‌ಟಾಪ್ ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ.

ತೀರ್ಪುಗಾರರ ಕುರ್ಚಿಯಲ್ಲಿ ನಾನೂ ಕೂತಿದ್ದೇನೆ. ಅಲ್ಲಿ ಕೂತಾಗ ಗೊತ್ತಾಗುವ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸಾಲಿಗೆ ಸಂಬಂಧಪಟ್ಟದ್ದು ಏನೂ ಕಣ್ಣಿಗೆ ಬೀಳಲಿಲ್ಲ ಅಂದುಕೊಳ್ಳಿ. ಆಗ ತೀರ್ಪುಗಾರ ಸೊನ್ನೆ ಹಾಕುವುದಿಲ್ಲ, ಅಷ್ಟು ಕಠಿಣ ಮನಸ್ಸು ಯಾರಿಗೂ ಇರುವುದಿಲ್ಲ. ಸುಮ್ನೆ ಐದು ಹಾಕಿ ಮುಂದೆ ಹೋಗುತ್ತಾನೆ. ಆ ಐದು ನಿಮ್ಮ ಕೆಲಸಕ್ಕೆ ಕೊಟ್ಟ ಬೆಲೆ ಅಲ್ಲ. ಅವನಿಗೆ ಏನೂ ಕಾಣಲಿಲ್ಲ ಅಂತ ಅದರ ಅರ್ಥ. ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಆ ಐದರೊಳಗೆ ಮಾಯವಾಗಿರುತ್ತದೆ.

ಈ ಹಾಳೆ ಗುಟ್ಟಿನದೇನೂ ಅಲ್ಲ. ನಿಯಮಗಳ ಜೊತೆಗೇ ಕೊಟ್ಟಿರುತ್ತಾರೆ, ಆದರೆ ಓದುವವರು ಕಡಿಮೆ. ನಾಸಾದ ಸ್ಪೇಸ್ ಆ್ಯಪ್ಸ್ ಚಾಲೆಂಜ್‌ನಲ್ಲಿ ಪರಿಣಾಮ, ಸೃಜನಶೀಲತೆ, ವೈಜ್ಞಾನಿಕವಾಗಿ ಸರಿ ಇದೆಯೇ, ಕೊಟ್ಟ ಸವಾಲಿಗೆ ಹೊಂದುತ್ತದೆಯೇ, ಮಂಡನೆ ಹೇಗಿತ್ತು ಎಂದು ನೋಡುತ್ತಾರೆ. ನಮ್ಮ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಹೊಸತನದ ಜೊತೆಗೆ ಕಾರ್ಯಸಾಧ್ಯತೆಗೂ ಬಳಕೆದಾರರ ಅನುಭವಕ್ಕೂ ಲೆಕ್ಕವಿದೆ. ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ಒಂದು ಕಡೆ ಗೆದ್ದ ಪಿಚ್ಚನ್ನೇ ಇನ್ನೊಂದು ಕಡೆ ಓದಿದರೆ ಕೆಲಸ ಆಗುವುದಿಲ್ಲ.

ಇವತ್ತಿನ ಮಾತಿಗೆ ಒಂದು ಹಾಳೆಯನ್ನು ನಾವೇ ಮಾಡಿಕೊಳ್ಳೋಣ. ಕಾಲೇಜು ಮಟ್ಟದಲ್ಲಿ ಸಾಮಾನ್ಯವಾಗಿ ಕಾಣುವಂಥದ್ದೇ: ತಾಂತ್ರಿಕ ಕೆಲಸಕ್ಕೆ 30, ಉಪಯೋಗಕ್ಕೆ 25, ಹೊಸತನಕ್ಕೆ 20, ಬಳಸಲು ಸುಲಭವೇ ಅನ್ನುವುದಕ್ಕೆ 15, ಮಂಡನೆಗೆ 10. ಎಲ್ಲದಕ್ಕೂ ಹತ್ತಕ್ಕೆ ಐದು ಬಿದ್ದರೆ ನಿಮಗೆ 50. ಈಗ ಮಂಡನೆಯ ಸಾಲನ್ನು ಐದರಿಂದ ಎಂಟಕ್ಕೆ ಏರಿಸಿದಿರಿ ಅಂದುಕೊಳ್ಳಿ, ಒಟ್ಟಿಗೆ ಸೇರುವುದು 3. ತಾಂತ್ರಿಕ ಸಾಲನ್ನು ಅಷ್ಟೇ ಏರಿಸಿದರೆ ಸೇರುವುದು 9. ಆದರೂ ಕೊನೆಯ ರಾತ್ರಿ ಹೆಚ್ಚಿನ ತಂಡಗಳು ಏನು ಮಾಡುತ್ತವೆ? ಸ್ಲೈಡಿನ ಬಣ್ಣ ಬದಲಾಯಿಸುತ್ತಾ ಕೂರುತ್ತವೆ.

ಇನ್ನು ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ಜನ, 36 ಗಂಟೆಯ ಹ್ಯಾಕಥಾನ್. ಒಬ್ಬಳ ಅಪ್ಪ ಇಲ್ಲೇ ಹತ್ತಿರದ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ತಂಡ ಮಾಡಿದ್ದು 'ನಾಳೆ ಹಿಟ್ಟು' ಅನ್ನುವ ಆ್ಯಪ್. ನಾಳೆಯ ದೋಸೆಗೆ ಎಷ್ಟು ಅಕ್ಕಿ ನೆನೆಹಾಕಬೇಕು ಅಂತ ಅದು ಹೇಳುತ್ತದೆ. ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಹೋಟೆಲಿನ ಮನೆಯವರೇ, ನಿಮಗೆ ವಿವರಿಸಬೇಕಾಗಿಲ್ಲ. ಆದರೆ ತೀರ್ಪುಗಾರರಿಗೆ ದೋಸೆ ಗೊತ್ತು, ದೋಸೆಯ ಹಿಂದಿನ ದಿನ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಕಾವಲಿ ಕಾಯಬೇಕಾದರೆ ರಾತ್ರಿಯಿಡೀ ಹಿಟ್ಟು ಹುಳಿ ಬರಬೇಕು. ಅದಕ್ಕೆ ಸಂಜೆ ರುಬ್ಬಿ ಮುಗಿಸಬೇಕು. ಅದಕ್ಕೆ ಮಧ್ಯಾಹ್ನದ ಊಟದ ಗಲಾಟೆ ಶುರುವಾಗುವ ಮೊದಲೇ ಅಕ್ಕಿ ನೀರಿಗೆ ಬೀಳಬೇಕು. ಅಂದರೆ ನಾಳೆ ಎಷ್ಟು ಗಿರಾಕಿ ಬರುತ್ತಾರೆ ಅಂತ ಇವತ್ತು 11 ಗಂಟೆಗೆ ಊಹಿಸಬೇಕು. ಜಾಸ್ತಿ ನೆನೆಹಾಕಿದರೆ ಮುಂಬಯಿಯ ಸೆಕೆಗೆ ಉಳಿದ ಹಿಟ್ಟು ಹುಳಿ ಮೀರುತ್ತದೆ. ಕಡಿಮೆಯಾದರೆ ಹತ್ತೂವರೆಗೆ 'ದೋಸೆ ಇಲ್ಲ' ಅನ್ನಬೇಕು.

ಈ ತಂಡ ಮೊದಲು ಬರೆದ ಪಿಚ್ ಹೇಗಿರುತ್ತದೆ ಗೊತ್ತಾ? 'ಎಲ್ಲರಿಗೂ ನಮಸ್ಕಾರ, ನಾವು ಇಂಥ ತಂಡ, ನಾನು ಇಂಥವನು, ಇವಳು ಇಂಥವಳು.' ಆಮೇಲೆ ಭಾರತದಲ್ಲಿ ಆಹಾರ ಎಷ್ಟು ಪೋಲಾಗುತ್ತದೆ ಅಂತ ಎಲ್ಲಿಂದಲೋ ತೆಗೆದ ದೊಡ್ಡ ಅಂಕಿ. ಆಮೇಲೆ ಬಾಣ, ಪೆಟ್ಟಿಗೆಗಳ ಚಿತ್ರ, ಯಾವ ಡೇಟಾಬೇಸ್, ಯಾವ ಫ್ರೇಮ್‌ವರ್ಕ್ ಅನ್ನುವುದೆಲ್ಲ. ಅಷ್ಟರಲ್ಲಿ ಮೂರೂವರೆ ನಿಮಿಷ. ಡೆಮೊಗೆ ಉಳಿದದ್ದು ಒಂದೂವರೆ. ಲಾಗಿನ್ ಪುಟ ಬರುತ್ತದೆ, ಪಾಸ್‌ವರ್ಡ್ ತಪ್ಪಾಗುತ್ತದೆ, ಗಂಟೆ ಬಾರಿಸುತ್ತದೆ. ಹಾಳೆಯ ಐದೂ ಸಾಲಿಗೆ ಐದೈದು.

ಈಗ ಅದೇ ಪಿಚ್ಚನ್ನು ಹಾಳೆಯಿಂದ ಹಿಂದಕ್ಕೆ ಕಟ್ಟೋಣ. ಒಂದು ಕಾಗದ ತೆಗೆದುಕೊಂಡು ಐದು ಸಾಲನ್ನೂ ಎಡಗಡೆ ಬರೆಯಿರಿ. ಪ್ರತಿಯೊಂದರ ಎದುರು, ಆ ಸಾಲಿಗೆ ತೀರ್ಪುಗಾರ ಎಂಟು ಹಾಕಬೇಕಾದರೆ ಪರದೆಯ ಮೇಲೆ ಅವನ ಕಣ್ಣಿಗೆ ಏನು ಬೀಳಬೇಕು ಅಂತ ಬರೆಯಿರಿ. ನೀವು ಹೇಳುವುದನ್ನಲ್ಲ, ಅವನು ನೋಡುವುದನ್ನು. 'ನಮ್ಮ ಆ್ಯಪ್ ಬಳಸಲು ಬಹಳ ಸುಲಭ' ಅನ್ನುವುದು ಮಾತು. ಮ್ಯಾನೇಜರು ಗಲ್ಲಾದಲ್ಲಿ ಒಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತಾ ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ 'ಹಿಟ್ಟು ಉಳಿಯಿತು' ಅನ್ನುವ ಗುಂಡಿ ಒತ್ತುವುದು ಕಣ್ಣಿಗೆ ಬೀಳುವಂಥದ್ದು.

ಮೊದಲ 35 ಸೆಕೆಂಡು ಸಮಸ್ಯೆಗೆ, ಜಾಸ್ತಿ ಬೇಡ. 'ನಾಳೆ ಬೆಳಿಗ್ಗೆಯ ದೋಸೆ ಎಷ್ಟು ಅನ್ನುವುದನ್ನು ಹೋಟೆಲಿನವರು ಇವತ್ತು 11 ಗಂಟೆಗೇ ತೀರ್ಮಾನಿಸಬೇಕು' ಎಂದು ಶುರು ಮಾಡಿ, ಈಗ ನಾನು ನೆನೆಹಾಕುವುದರ ಬಗ್ಗೆ ಹೇಳಿದೆನಲ್ಲ, ಅಷ್ಟು ಹೇಳಿದರೆ ಸಾಕು. ಹೆಸರು, ಕಾಲೇಜು ಎಲ್ಲ ಮೊದಲ ಸ್ಲೈಡಿನಲ್ಲಿ ಬರೆದಿರುತ್ತದೆ, ಬಾಯಿಬಿಟ್ಟು ಹೇಳಬೇಡಿ. ದೇಶದ ದೊಡ್ಡ ಅಂಕಿಯೂ ಬೇಡ. ಅದನ್ನು ಬೆಳಿಗ್ಗೆಯಿಂದ ಮೂರು ತಂಡಗಳು ಹೇಳಿಯಾಗಿರುತ್ತದೆ.

ಮುಂದಿನ ಎರಡು ನಿಮಿಷ ಡೆಮೊ. ಲಾಗಿನ್ ಮೊದಲೇ ಆಗಿರಬೇಕು, ಬೇಕಾದ ಪುಟ ತೆರೆದೇ ಇರಬೇಕು. ಮೊದಲು ಮಾಮೂಲಿ ದಿನ: ಪರದೆಯ ಮೇಲೆ 'ಅಕ್ಕಿ 18 ಕಿಲೋ, ಉದ್ದು 6 ಕಿಲೋ' ಎಂದು ಬರುತ್ತದೆ. ಗಮನಿಸಿ, ಇಷ್ಟು ದೋಸೆ ಅಂತ ಬರಲಿಲ್ಲ. ಅಡುಗೆಯವರು ದೋಸೆ ಎಣಿಸುವುದಿಲ್ಲ, ಅಕ್ಕಿ ಅಳೆಯುತ್ತಾರೆ. ಇದನ್ನು ಒಂದೇ ವಾಕ್ಯದಲ್ಲಿ ಹೇಳಿ, ಬಳಕೆಯ ಸಾಲಿನಲ್ಲಿ ತೀರ್ಪುಗಾರನ ಪೆನ್ನು ಅಲ್ಲಾಡುತ್ತದೆ. ಆಮೇಲೆ ತಾರೀಖು ಬದಲಾಯಿಸಿ ಸಂಕಷ್ಟಿಯ ದಿನಕ್ಕೆ ಹೋಗಿ. ಲೆಕ್ಕ 12 ಕಿಲೋ ಅಕ್ಕಿ, 4 ಕಿಲೋ ಉದ್ದಿಗೆ ಇಳಿಯುತ್ತದೆ. ಕೆಳಗೆ ಕಾರಣ: 'ಸಂಕಷ್ಟಿ, ಬೆಳಿಗ್ಗೆ ದೋಸೆ ಕಡಿಮೆ.' ಮುಂಬಯಿಯಲ್ಲಿ ಆ ದಿನ ಚಂದ್ರೋದಯದವರೆಗೆ ಉಪವಾಸ ಇರುವವರು ಎಷ್ಟು ಜನ, ನಿಮಗೇ ಗೊತ್ತು. ಬೆಳಿಗ್ಗೆ ದೋಸೆಯ ಬದಲು ಸಾಬುದಾಣಾ ಖಿಚಡಿ ಓಡುತ್ತದೆ. ಈ ಇಳಿತವೇ ಡೆಮೊದ ಮುಖ್ಯ ಕ್ಷಣ. ಇಲ್ಲಿ ಎರಡು ಸೆಕೆಂಡು ಬಾಯಿ ಮುಚ್ಚಿ, ಅವರು ಓದಲಿ.

ಮೂರನೆಯದಾಗಿ, ಮ್ಯಾನೇಜರು ಒಪ್ಪಲಿಲ್ಲ ಅಂತ ತೋರಿಸಿ. 12 ಅಳಿಸಿ 14 ಹಾಕುತ್ತಾರೆ. ಆ್ಯಪ್ ಜಗಳವಾಡುವುದಿಲ್ಲ, ಎರಡನ್ನೂ ಬರೆದಿಟ್ಟುಕೊಂಡು ಮರುದಿನ ಯಾರ ಊಹೆ ಹತ್ತಿರ ಬಂತು ಅಂತ ತೋರಿಸುತ್ತದೆ. ಹೊಸತನ ಅಂದರೆ ಇದೇ. ಬಿಲ್ಲಿಂಗ್ ಸಾಫ್ಟ್‌ವೇರಿಗೆ ಎಷ್ಟು ಮಾರಾಟವಾಯಿತು ಎಂದು ಗೊತ್ತು, ಎಷ್ಟು ರುಬ್ಬಿದ್ದರು ಮತ್ತು ಎಷ್ಟು ಚೆಲ್ಲಿದರು ಎಂದು ಗೊತ್ತಿಲ್ಲ. ಆ ಮಾತನ್ನು ಇಲ್ಲೇ, ಡೆಮೊದ ಒಳಗೇ ಹೇಳಿಬಿಡಿ. ಹೊಸತನಕ್ಕೆ ಅಂತ ಬೇರೆ ಸ್ಲೈಡ್ ಮಾಡಿ ಬೇರೆಯವರನ್ನೂ ನಿಮ್ಮನ್ನೂ ಹೋಲಿಸುವ ಪಟ್ಟಿ ಹಾಕುವವರಿದ್ದಾರೆ. ಅದರಲ್ಲಿ ಹಸಿರು ಟಿಕ್ ಎಲ್ಲ ನಿಮ್ಮ ಕಡೆಯೇ ಇರುತ್ತದೆ, ಅದನ್ನು ಯಾರೂ ನಂಬುವುದಿಲ್ಲ.

ಇನ್ನು ತಾಂತ್ರಿಕ ಸಾಲು, 30 ಅಂಕದ್ದು. ಇದಕ್ಕೆ ಒಂದು ನಿಮಿಷ ಕೊಡಿ. ಆ ನಿಮಿಷದಲ್ಲಿ ಬಾಣ, ಪೆಟ್ಟಿಗೆಯ ಚಿತ್ರ ಬೇಡ. ಯಾವ ಫ್ರೇಮ್‌ವರ್ಕ್ ಬಳಸಿದಿರಿ ಅನ್ನುವುದರಿಂದ ನೀವು ಏನು ಮಾಡಿದಿರಿ ಅಂತ ಗೊತ್ತಾಗುವುದಿಲ್ಲ. ತೀರ್ಪುಗಾರ ಹುಡುಕುವುದು ಎರಡೇ ವಿಷಯ: ಎಲ್ಲಿ ಕಷ್ಟವಾಯಿತು, ಅಲ್ಲಿ ನೀವು ಏನು ಆಯ್ದುಕೊಂಡಿರಿ.

ನಮ್ಮ ತಂಡದ ಕಷ್ಟ ನೋಡಿ. ಅಪ್ಪನ ಹೋಟೆಲಿನಿಂದ ಸಿಕ್ಕಿದ್ದು 60 ದಿನದ ಲೆಕ್ಕ. 46 ದಿನದ ಲೆಕ್ಕದಿಂದ ಮಾದರಿ ಕಟ್ಟಿದರು, ಕೊನೆಯ 14 ದಿನವನ್ನು ಮುಟ್ಟದೆ ಪರೀಕ್ಷೆಗೆ ಇಟ್ಟುಕೊಂಡರು. 'ಹೋದ ವಾರ ಇದೇ ದಿನ ಎಷ್ಟಿತ್ತೋ ಅಷ್ಟೇ' ಅನ್ನುವ ಬಡಪಾಯಿ ಊಹೆಯನ್ನೂ ಅದೇ 14 ದಿನಕ್ಕೆ ಓಡಿಸಿದರು. ಅದು ದಿನಕ್ಕೆ ಸರಾಸರಿ 3 ಕಿಲೋ ತಪ್ಪಿತು, ಇವರದು 2 ಕಿಲೋ. ಈ ಎರಡು ಅಂಕಿಗಳನ್ನು ದೊಡ್ಡದಾಗಿ ಒಂದು ಸ್ಲೈಡಿನಲ್ಲಿ ಹಾಕಿ. 'ನಮ್ಮದು 92 ಶೇಕಡಾ ನಿಖರ' ಅಂದರೆ ಗೊತ್ತಿರುವ ತೀರ್ಪುಗಾರ ಕೂಡಲೇ 'ಯಾವುದಕ್ಕೆ ಹೋಲಿಸಿ?' ಅಂತ ಕೇಳುತ್ತಾನೆ. ಕಿಲೋ ಲೆಕ್ಕ ಕೊಟ್ಟರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಆಮೇಲೆ ಸಂಕಷ್ಟಿ. ಅದು ತಿಂಗಳಿಗೆ ಒಮ್ಮೆ ಬರುತ್ತದೆ. ಅಂದರೆ 60 ದಿನದಲ್ಲಿ ಎರಡೇ ಸಂಕಷ್ಟಿ. ಎರಡು ದಿನ ನೋಡಿ ಯಾವ ಮಾದರಿಯೂ ಏನನ್ನೂ ಕಲಿಯುವುದಿಲ್ಲ. ಹಾಗಾಗಿ ಇವರು ಮ್ಯಾನೇಜರ್ ಹೇಳಿದ 'ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ' ಅನ್ನುವ ನಿಯಮವನ್ನು ಕೈಯಿಂದಲೇ ಬರೆದರು. ಡೆಮೊದಲ್ಲಿ 18 ಹೋಗಿ 12 ಆಗಿದ್ದು ಆ ನಿಯಮದಿಂದ, ಮಾದರಿಯಿಂದ ಅಲ್ಲ. ಇದನ್ನು ಮುಚ್ಚಿಡಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ನಾನು ಹೇಳುವುದು ಇದನ್ನೇ ಎದುರಿಗಿಡಿ ಅಂತ. 'ಎರಡು ದಿನದಿಂದ ಕಲಿಯಲಾಗದು, ಅದಕ್ಕೆ ಇಲ್ಲಿ ನಿಯಮ ಇಟ್ಟಿದ್ದೇವೆ, ಒಂದು ವರ್ಷದ ಲೆಕ್ಕ ಸಿಕ್ಕಿದರೆ ತೆಗೆಯಬಹುದೇ ಅಂತ ನೋಡುತ್ತೇವೆ' ಎಂದ ತಂಡ ಎಷ್ಟು ಬಲ್ಲದು ಎನ್ನುವುದು ಆ ಒಂದೇ ವಾಕ್ಯದಲ್ಲಿ ಗೊತ್ತಾಗುತ್ತದೆ. ಮುಚ್ಚಿಟ್ಟರೆ ಪ್ರಶ್ನೆಯ ಹೊತ್ತಿನಲ್ಲಿ ಅದು ಹೊರಬರುತ್ತದೆ. ಆಗ ಅದೇ ನಿಯಮ ಮೋಸದ ಹಾಗೆ ಕಾಣುತ್ತದೆ.

ತಪ್ಪಿದ ದಿನವನ್ನೂ ಒಂದು ತೋರಿಸಿ. ಆ 14 ದಿನದಲ್ಲಿ ಒಂದು ದಿನ ಜೋರು ಮಳೆ, ಲೋಕಲ್ ರೈಲು ನಿಂತಿತು, ಹಿಟ್ಟು ಅರ್ಧಕ್ಕರ್ಧ ಉಳಿಯಿತು ಅಂದುಕೊಳ್ಳಿ. 11 ಗಂಟೆಗೆ ಅಕ್ಕಿ ನೀರಿಗೆ ಬಿದ್ದ ಮೇಲೆ ರಾತ್ರಿ ಸುರಿಯುವ ಮಳೆಗೆ ಯಾವ ಆ್ಯಪ್ ಏನು ಮಾಡೀತು? ಇದು ಮಾದರಿಯ ತಪ್ಪಲ್ಲ, ಕೆಲಸದ ಮಿತಿ. ಹತ್ತು ಸೆಕೆಂಡಿನ ಮಾತು ಅಷ್ಟೇ.

ಉಪಯೋಗಕ್ಕೆ ಮುಕ್ಕಾಲು ನಿಮಿಷ. ಇಲ್ಲಿ ಎಲ್ಲರೂ ಮಾಡುವ ಕೆಲಸ ಅಂದರೆ, ಮುಂಬಯಿಯಲ್ಲಿ ಇಷ್ಟು ಸಾವಿರ ಹೋಟೆಲು, ಅದಕ್ಕೆ ಇಷ್ಟು ಗುಣಿಸಿದರೆ ಇಷ್ಟು ಕೋಟಿ ಅಂತ ಹೇಳುವುದು. ಒಂದೇ ಹೋಟೆಲು ಸಾಕು. ದಿನಕ್ಕೆ ಒಂದು ಕಿಲೋ ತಪ್ಪು ಕಡಿಮೆಯಾದರೆ ತಿಂಗಳಿಗೆ 30 ಕಿಲೋ ಅಕ್ಕಿಯ ತಪ್ಪು ತಪ್ಪಿತು, ಅದರ ಜೊತೆ ಉದ್ದು. ಉದ್ದಿನ ಬೆಲೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದು, 36 ಗಂಟೆಯಲ್ಲಿ ಯಾರಾದರೂ ಇದನ್ನು ನಿಜಕ್ಕೂ ಬಳಸಿದರೇ? ಮ್ಯಾನೇಜರು ಎರಡನೆಯ ದಿನ 11 ಗಂಟೆಗೆ ಫೋನ್ ತೆರೆದು ನೋಡಿದರು ಅನ್ನುವುದಿದ್ದರೆ ಅವರ ಫೋಟೊ ತೋರಿಸಿ, ಒಪ್ಪಿಗೆ ಕೇಳಿಕೊಂಡು. ಬಳಸಲಿಲ್ಲ ಅಂದರೆ ಬಳಸಿದರು ಅನ್ನಬೇಡಿ.

ಉಳಿದ 40 ಸೆಕೆಂಡಿನಲ್ಲಿ ಕಾಲು ಭಾಗ ಕೊನೆಯ ಮಾತಿಗೆ, ಬಾಕಿಯದು ಖಾಲಿ. ನಿಜವಾಗಿ ಖಾಲಿ ಬಿಡಿ. ಕೇಬಲ್ ಸಿಕ್ಕಿಸಲು, ಮೈಕು ಕೈ ಬದಲಾಯಿಸಲು, ಯಾರೋ ನಕ್ಕಾಗ ನಿಲ್ಲಲು ಆ ಅರ್ಧ ನಿಮಿಷ ಖರ್ಚಾಗಿಯೇ ಆಗುತ್ತದೆ. ಕೊನೆಯ ಮಾತು ತೀರ್ಪುಗಾರ ತನ್ನ ಟಿಪ್ಪಣಿಯಲ್ಲಿ ಬರೆದುಕೊಳ್ಳುವ ಹಾಗಿರಬೇಕು. ಸಂಜೆ ಎಲ್ಲರೂ ಕೂಡಿ ಚರ್ಚಿಸುವಾಗ ನಿಮ್ಮ ತಂಡದ ಹೆಸರು ಯಾರಿಗೂ ನೆನಪಿರುವುದಿಲ್ಲ, 'ಆ ಹಿಟ್ಟಿನವರು' ಅಂತಲೇ ಕರೆಯುತ್ತಾರೆ. 'ಅಕ್ಕಿ ನೆನೆಹಾಕುವ ಮೊದಲೇ ನಾಳೆಯ ಲೆಕ್ಕ, ಈಗಿನ ಊಹೆಗಿಂತ ದಿನಕ್ಕೆ ಒಂದು ಕಿಲೋ ಹತ್ತಿರ' ಅಂದರೆ ಆ ಚರ್ಚೆಯಲ್ಲಿ ಅದೇ ವಾಕ್ಯ ಓಡಾಡುತ್ತದೆ.

ಇಲ್ಲಿ ಒಬ್ಬಳು ಕೇಳಿದಳು: 'ಅಣ್ಣ, ನಾಲ್ಕೂ ಜನ ಮಾತಾಡಲೇಬೇಕಾ? ನಮ್ಮ ಮೇಡಂ ಎಲ್ಲರೂ ಮಾತಾಡಬೇಕು ಅನ್ನುತ್ತಾರೆ.' ಹಾಳೆಯಲ್ಲಿ ಹಾಗೆ ಬರೆದಿದ್ದರೆ ಮಾತಾಡಿ, ಇಲ್ಲದಿದ್ದರೆ ಇಬ್ಬರು ಸಾಕು. ಒಬ್ಬರು ಮಾತು, ಒಬ್ಬರು ಪರದೆ. ಮಾತಾಡುವವರೇ ಮೌಸ್ ಹಿಡಿದರೆ ಮುಖ ಲ್ಯಾಪ್‌ಟಾಪಿನೊಳಗೆ ಹೋಗುತ್ತದೆ. ಉಳಿದಿಬ್ಬರು ಪ್ರಶ್ನೆಗಳಿಗೆ ಉತ್ತರ ಕೊಡಲಿ, ಯಾರು ಯಾವ ಸಾಲಿನ ಪ್ರಶ್ನೆಗೆ ಅನ್ನುವುದನ್ನು ಮೊದಲೇ ಹಂಚಿಕೊಳ್ಳಿ.

ಇನ್ನು ಡೆಮೊ ಕೈಕೊಡುವ ವಿಷಯ. ಉಚಿತ ಹೋಸ್ಟಿಂಗ್‌ಗಳಲ್ಲಿ ಕೆಲವು, ಸುಮಾರು 15 ನಿಮಿಷ ಯಾರೂ ಬರದಿದ್ದರೆ ಸರ್ವರನ್ನು ಮಲಗಿಸಿಬಿಡುತ್ತವೆ. ಆಮೇಲೆ ಬಂದ ಮೊದಲ ಗಿರಾಕಿಗೆ ಅದು ಏಳಲು ಒಂದು ನಿಮಿಷದವರೆಗೆ ಹಿಡಿಯಬಹುದು. ನೀವು ಸರದಿಯಲ್ಲಿ ಕಾಯುತ್ತಾ ಇರುವಾಗ ಸರ್ವರ್ ಮಲಗುತ್ತದೆ, ತೀರ್ಪುಗಾರರೆದುರು ಆ ಮೊದಲ ಗಿರಾಕಿ ನೀವೇ ಆಗುತ್ತೀರಿ. ಬಿಳಿ ಪರದೆ ನೋಡಿ ಎಲ್ಲರೂ ವೈಫೈಯನ್ನು ಬೈಯುತ್ತಾರೆ. ಸರದಿ ಮುಗಿಯುವವರೆಗೆ ಇದನ್ನು ಓಡಿಸಿಡಿ, ವಿಳಾಸ ಮಾತ್ರ ನಿಮ್ಮದು ಹಾಕಿ:

```
while true; do
  curl -s -o /dev/null https://app.example.com/health
  sleep 300
done
```

ಅದಕ್ಕಿಂತ ಒಳ್ಳೆಯದು, ಎಲ್ಲವನ್ನೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸುವುದು. ಆ್ಯಂಡ್ರಾಯ್ಡ್ ಫೋನಿನ ಪರದೆ ತೋರಿಸಬೇಕಾದರೆ `scrcpy` ಇದೆ. ಯುಎಸ್‌ಬಿ ಕೇಬಲಿನಲ್ಲೇ ನಡೆಯುತ್ತದೆ, ವೈಫೈ ಬೇಡ. ಆದರೆ ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಮೊದಲೇ ಆನ್ ಆಗಿರಬೇಕು. ಒಟಿಪಿ ಕೇಳುವ ಲಾಗಿನ್ ಡೆಮೊದಲ್ಲಿ ಬೇಡವೇ ಬೇಡ. ಮತ್ತೆ, ಮಾತಿಲ್ಲದ ಒಂದು ವಿಡಿಯೊ ಡೆಸ್ಕ್‌ಟಾಪಿನ ಮೇಲೆ ಇರಲಿ, ಡೆಮೊದ್ದೇ ಹೆಜ್ಜೆಗಳು, ಅದೇ ಅನುಕ್ರಮ. ಮಾತಿಲ್ಲದ್ದು ಯಾಕೆ ಅಂದರೆ, ಡೆಮೊ ನಿಂತ ಕಡೆಯಿಂದ ವಿಡಿಯೊ ಹಾಕಿ ನೀವು ನಿಮ್ಮ ಮಾತನ್ನು ಹಾಗೇ ಮುಂದುವರಿಸಬಹುದು. ಎಷ್ಟು ಹೊತ್ತು ಕಾದು ವಿಡಿಯೊಗೆ ಹೋಗಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನನ್ನ ಲೆಕ್ಕದಲ್ಲಿ ಎಂಟು ಸೆಕೆಂಡು. ಅದಕ್ಕಿಂತ ಜಾಸ್ತಿ ಕಾದರೆ ನೋಡುವವರಿಗೇ ಮುಜುಗರ ಶುರುವಾಗುತ್ತದೆ. 'ಇದು ರೆಕಾರ್ಡ್ ಮಾಡಿದ್ದು' ಎಂದು ಹೇಳಿಯೇ ಹಾಕಿ.

ಪ್ರಶ್ನೆಗಳ ಹೊತ್ತಿಗೆ ಒಂದು ಮಾತು. ತೀರ್ಪುಗಾರ ಕೇಳುವ ಪ್ರಶ್ನೆ ಹೆಚ್ಚಾಗಿ ಅವನ ಹಾಳೆಯಲ್ಲಿ ಇನ್ನೂ ಖಾಲಿ ಇರುವ ಸಾಲಿನದ್ದು. 'ಮ್ಯಾನೇಜರು ಎರಡು ದಿನ ಲೆಕ್ಕ ಹಾಕಲು ಮರೆತರೆ?' ಎಂದು ಕೇಳಿದ ಅಂದರೆ ಅದು ಬಳಕೆಯ ಸಾಲು. ಅಲ್ಲಿ ಡೇಟಾಬೇಸಿನ ಕಥೆ ಹೇಳಬೇಡಿ. 'ಮರೆತ ದಿನವನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಒಂದು ವಾರ ಮರೆತರೆ ಊಹೆ ಕೊಡುವುದನ್ನೇ ನಿಲ್ಲಿಸಿ ಹೋದ ವಾರದ ಅಂಕಿ ತೋರಿಸುತ್ತದೆ' ಎಂದು ಹೇಳಿ ನಿಲ್ಲಿಸಿ. ಅದನ್ನು ಇನ್ನೂ ಮಾಡಿಲ್ಲ ಅಂದರೆ 'ಮಾಡಿಲ್ಲ, ಮಾಡಿದರೆ ಹೀಗೆ ಮಾಡುತ್ತಿದ್ದೆವು' ಅನ್ನಿ. ಒಬ್ಬರು ಉತ್ತರ ಕೊಟ್ಟ ಮೇಲೆ ಇನ್ನೊಬ್ಬರು 'ಅದರ ಜೊತೆಗೆ' ಅಂತ ಸೇರಿಸುವುದು ಬೇಡ. ಆ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆ ಬರಬಹುದಿತ್ತು, ಇನ್ನೊಂದು ಸಾಲು ತುಂಬಬಹುದಿತ್ತು.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ್ದು: 'ಸರ್, ಪ್ರಾಯೋಜಕರ ಬೇರೆ ಬಹುಮಾನ ಇರುತ್ತದಲ್ಲ, ಅವರ ಎಪಿಐ ಬಳಸಿದವರಿಗೆ. ಅದಕ್ಕೆ ಇದೇ ಪಿಚ್ ಸಾಕಾ?' ಸಾಲದು. ಅವರ ಹಾಳೆ ಬೇರೆ, ಹೆಚ್ಚಾಗಿ ಅದರಲ್ಲಿ ಮುಖ್ಯವಾದ ಸಾಲು ಒಂದೇ: ನಮ್ಮದನ್ನು ತೆಗೆದುಬಿಟ್ಟರೆ ಇವರ ಆ್ಯಪ್ ನಡೆಯುತ್ತದೆಯೇ? ಹವಾಮಾನದ ಎಪಿಐ ಕೊಟ್ಟವರ ಬಹುಮಾನ ಬೇಕು ಅಂದರೆ ಡೆಮೊದಲ್ಲಿ ಸಂಕಷ್ಟಿಯ ಜಾಗಕ್ಕೆ ಮಳೆಯ ಮುನ್ಸೂಚನೆಯ ದಿನವನ್ನು ಹಾಕಿ, ಅದನ್ನು ಆನ್ ಮಾಡಿದಾಗ ಎಷ್ಟು ಕಿಲೋ, ಆಫ್ ಮಾಡಿದಾಗ ಎಷ್ಟು ಅಂತ ತೋರಿಸಿ. ವ್ಯತ್ಯಾಸವೇ ಬರಲಿಲ್ಲ ಅಂದರೆ ಆ ಬಹುಮಾನಕ್ಕೆ ಹೆಸರು ಕೊಡಬೇಡಿ, ಆ ಹೊತ್ತಿನಲ್ಲಿ ಮುಖ್ಯ ಪಿಚ್ಚನ್ನೇ ಗಡಿಯಾರ ಇಟ್ಟುಕೊಂಡು ಇನ್ನೆರಡು ಸಲ ಓಡಿಸಿ.